‘ಅಳೆಯಬೇಕು’ ಎಂದು ಬರೆದರೆ ಸಾಲದು



ನಿಮ್ಮ ಮನೆಯ ಗೋಡೆಯಲ್ಲೋ, ಪುಸ್ತಕದ ಕೊನೇ ಪುಟದಲ್ಲೋ ನೀವೇ ಬರೆದುಕೊಂಡ ಒಂದು ಚೀಟಿ ಇರಬಹುದು. ‘ಗಣಿತ ಅಭ್ಯಾಸ ಮಾಡಬೇಕು’, ‘ಲೈಬ್ರರಿ ಪುಸ್ತಕ ವಾಪಸು ಕೊಡಬೇಕು’, ‘ಗಿಡಕ್ಕೆ ನೀರು ಹಾಕಬೇಕು’. ಚೀಟಿ ಇದೆ, ಅದನ್ನು ನೀವು ದಿನಾ ನೋಡುತ್ತೀರಿ, ಆದರೂ ಕೆಲಸ ಮರೆತುಹೋಗುತ್ತದೆ. ‘ನನಗೆ ನೆನಪಿನ ಶಕ್ತಿಯೇ ಇಲ್ಲ ಟೀಚರ್’ ಎಂದು ಹೇಳಿಬಿಡುತ್ತೀರಿ. ತಪ್ಪು ನಿಮ್ಮ ನೆನಪಿನದ್ದಾ, ಚೀಟಿಯದ್ದಾ? ಈ ಸಲ ಅದನ್ನೇ ನೋಡೋಣ. ಇದಕ್ಕೆ ನಮ್ಮ ವಿಜ್ಞಾನ ಕ್ಲಬ್ಬಿನ ಒಂದು ಮಳೆ ಪುಸ್ತಕದ ಕತೆ ಸಾಕು.

ಖಾಲಿ ಉಳಿದ ಒಂದು ಸಾಲು

ಕಾಸರಗೋಡಿನ ನಮ್ಮ ಕಡೆ ಜೂನ್ ಬಂತೆಂದರೆ ಮಳೆಗೆ ಬಿಡುವಿಲ್ಲ. ಶಾಲೆ ಶುರುವಾದ ವಾರವೇ ಎಂಟನೇ ತರಗತಿಯ ಮಕ್ಕಳು ತಮ್ಮ ತಮ್ಮ ಮನೆಯಲ್ಲಿ ಮಳೆ ಅಳೆಯಲು ತೊಡಗಿದರು. ಸಲಕರಣೆ ಸುಲಭದ್ದು. ಮೇಲಿಂದ ಕೆಳಗಿನವರೆಗೆ ಒಂದೇ ಅಗಲ ಇರುವ, ತಳ ಚಪ್ಪಟೆ ಇರುವ ಒಂದು ಪ್ಲಾಸ್ಟಿಕ್ ಡಬ್ಬಿ. ಅದನ್ನು ಅಂಗಳದಲ್ಲಿ ಮಾಡಿನಿಂದಲೂ ಮರಗಳಿಂದಲೂ ದೂರ ಇಡಬೇಕು. ಬದಿ ನೇರವಾಗಿದ್ದರೆ ಡಬ್ಬಿಯ ಬಾಯಿ ಎಷ್ಟು ಅಗಲ ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಒಳಗೆ ನಿಂತ ನೀರಿನ ಆಳ ಎಷ್ಟು ಮಿಲಿಮೀಟರೋ ಬಿದ್ದ ಮಳೆ ಅಷ್ಟೇ ಮಿಲಿಮೀಟರ್.

ಅಳತೆಯ ಹೊತ್ತು ಮಾತ್ರ ಬದಲಾಗಬಾರದು. ಭಾರತ ಹವಾಮಾನ ಇಲಾಖೆ ದಿನದ ಮಳೆಯನ್ನು ಬೆಳಿಗ್ಗೆ 8:30ಕ್ಕೆ ಅಳೆಯುತ್ತದೆ. ಆ ಹೊತ್ತಿನ ಹಿಂದಿನ 24 ಗಂಟೆಯಲ್ಲಿ ಬಿದ್ದದ್ದೇ ‘ಆ ದಿನದ ಮಳೆ’. ನಾವೂ ಅದೇ ಹೊತ್ತು ಇಟ್ಟುಕೊಂಡೆವು. 8:30ಕ್ಕೆ ಅಳೆದು, ಪುಸ್ತಕದಲ್ಲಿ ಬರೆದು, ಡಬ್ಬಿ ಖಾಲಿ ಮಾಡಿ, ಅದೇ ಜಾಗದಲ್ಲಿ ಇಟ್ಟು ಶಾಲೆಗೆ ಹೊರಡುವುದು.

ಒಬ್ಬ ಹುಡುಗಿಯ ಪುಸ್ತಕದಲ್ಲಿ ಒಂದು ಗುರುವಾರದ ಸಾಲು ಖಾಲಿ ಇತ್ತು. ಶುಕ್ರವಾರದ ಸಾಲಿನಲ್ಲಿ 86 ಮಿ.ಮೀ. ಎಂದು ಬರೆದಿದ್ದಳು. ‘ಗುರುವಾರ ಎಂತ ಆಯ್ತು?’ ಎಂದು ಕೇಳಿದೆ. ‘ಮರ್ತೋಯ್ತು ಟೀಚರ್. ಆದ್ರೆ ನೀರು ಡಬ್ಬಿಯಲ್ಲೇ ಇತ್ತಲ್ವಾ, ಶುಕ್ರವಾರ ಒಟ್ಟಿಗೇ ಅಳೆದೆ’ ಎಂದಳು.

ನೀರು ಎಲ್ಲಿಗೂ ಹೋಗಲಿಲ್ಲ, ನಿಜ. ಆದರೆ ಮಾಹಿತಿ ಹೋಯಿತು. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಯಲ್ಲಿ 64.5 ಮಿ.ಮೀ. ಮುಟ್ಟಿದರೆ ಅದು ‘ಭಾರಿ ಮಳೆ’. ಆ 86 ಮಿ.ಮೀ. ಎರಡು ದಿನಕ್ಕೆ 43, 43 ಎಂದು ಹಂಚಿಕೊಂಡು ಬಿದ್ದಿದ್ದರೆ ಒಂದೂ ಭಾರಿ ಮಳೆಯ ದಿನವಲ್ಲ. ಒಂದು ದಿನ 70, ಇನ್ನೊಂದು ದಿನ 16 ಬಿದ್ದಿದ್ದರೆ ಒಂದು ಭಾರಿ ಮಳೆಯ ದಿನ. ಯಾವುದು ನಡೆಯಿತು ಎಂದು ಇನ್ನು ಯಾರಿಗೂ ಹೇಳಲಾಗದು. ಹೋಮ್‌ವರ್ಕ್ ಮರೆತರೆ ಮರುದಿನ ಮಾಡಬಹುದು. ನಿನ್ನೆಯ ಮಳೆಯನ್ನು ಇವತ್ತು ಅಳೆಯಲು ಆಗುವುದಿಲ್ಲ.

ಅವಳಿಗೆ ಆಸಕ್ತಿ ಇಲ್ಲ ಎಂದುಕೊಳ್ಳಬೇಡಿ. ಕ್ಲಬ್ಬಿಗೆ ಮೊದಲು ಹೆಸರು ಕೊಟ್ಟವಳೇ ಅವಳು. ಮಲಗುವ ಕೋಣೆಯ ಬಾಗಿಲಿಗೆ ಕೆಂಪು ಶಾಯಿಯಲ್ಲಿ ದೊಡ್ಡದಾಗಿ ಚೀಟಿಯನ್ನೂ ಅಂಟಿಸಿದ್ದಳು:

*ಮಳೆ ಅಳೆಯಬೇಕು! ಮರೆಯಬಾರದು!*

ನೆನಪಿನಲ್ಲಿ ಎರಡು ಬಗೆ

‘ನೆನಪು’ ಎಂದಾಗ ನಮಗೆ ತೋಚುವುದು ಆಗಿಹೋದದ್ದರ ನೆನಪು. ನಿನ್ನೆ ಓದಿದ ಪಾಠ, ಮಗ್ಗಿ, ಅಜ್ಜಿ ಹೇಳಿದ ಕತೆ. ಪರೀಕ್ಷೆಯಲ್ಲಿ ಇದನ್ನು ಯಾರೋ ಕೇಳುತ್ತಾರೆ, ನಾವು ಹುಡುಕಿ ತೆಗೆದುಕೊಡುತ್ತೇವೆ.

ಇನ್ನೊಂದು ಬಗೆ ಮುಂದೆ ಮಾಡಬೇಕಾದದ್ದರ ನೆನಪು. ಇಲ್ಲಿ ಯಾರೂ ಪ್ರಶ್ನೆ ಕೇಳುವುದಿಲ್ಲ. ಬೇರೇನೋ ಮಾಡುತ್ತಿರುವಾಗ, ಸರಿಯಾದ ಹೊತ್ತಿಗೆ, ಅದು ತಾನಾಗಿಯೇ ಎದ್ದು ಬರಬೇಕು. ಆ ಹುಡುಗಿಯನ್ನು ಯಾವಾಗ ಕೇಳಿದರೂ ‘8:30ಕ್ಕೆ ಮಳೆ ಅಳೆಯಬೇಕು’ ಎಂದು ತಟ್ಟನೆ ಹೇಳುತ್ತಿದ್ದಳು. ವಿಷಯ ಅವಳ ತಲೆಯಲ್ಲೇ ಇತ್ತು. ಆದರೆ 8:30ರ ಹೊತ್ತಿಗೆ ಅದನ್ನು ಎಬ್ಬಿಸುವಂಥದ್ದು ಏನೂ ಇರಲಿಲ್ಲ.

ಈ ಎರಡನೇ ಬಗೆಯ ನೆನಪನ್ನು ಅಮೆರಿಕದ ಮನಶ್ಶಾಸ್ತ್ರಜ್ಞರಾದ ಗೈಲ್ಸ್ ಐನ್‌ಸ್ಟೈನ್ ಮತ್ತು ಮಾರ್ಕ್ ಮೆಕ್‌ಡೇನಿಯಲ್ 1990ರ ಸುಮಾರಿನಿಂದ ಕ್ರಮವಾಗಿ ಅಧ್ಯಯನ ಮಾಡುತ್ತ ಬಂದರು. (ಇವರು ಸಾಪೇಕ್ಷತೆಯ ಐನ್‌ಸ್ಟೈನ್ ಅಲ್ಲ, ಬೇರೆಯವರು.) ಅವರು ಅದರೊಳಗೂ ಎರಡು ವಿಧ ಗುರುತಿಸಿದರು. ಒಂದು ಗಡಿಯಾರಕ್ಕೆ ಕಟ್ಟಿದ ಕೆಲಸ: ‘8:30ಕ್ಕೆ ಅಳೆಯುವುದು’. ಇನ್ನೊಂದು ಒಂದು ಘಟನೆಗೆ ಕಟ್ಟಿದ ಕೆಲಸ: ‘ಗೆಳತಿ ಕಂಡಾಗ ಪುಸ್ತಕ ಕೊಡುವುದು’. ಮೊದಲನೆಯದಕ್ಕೆ ನಾವೇ ಮತ್ತೆ ಮತ್ತೆ ಗಡಿಯಾರ ನೋಡುತ್ತಿರಬೇಕು, ಆಟದಲ್ಲೋ ಮಾತಿನಲ್ಲೋ ಮುಳುಗಿದರೆ ನೋಡುವುದೇ ಇಲ್ಲ. ಎರಡನೆಯದರಲ್ಲಿ ಗೆಳತಿಯ ಮುಖವೇ ಬಂದು ನಮ್ಮನ್ನು ಎಚ್ಚರಿಸುತ್ತದೆ. ಹಾಗಾಗಿ ಸಾಮಾನ್ಯವಾಗಿ ಘಟನೆಗೆ ಕಟ್ಟಿದ್ದು ನೆನಪಾಗುವುದು ಸುಲಭ.

ಈಗ ಕೆಂಪು ಚೀಟಿಯನ್ನು ಇನ್ನೊಮ್ಮೆ ಓದಿ. ಅದರಲ್ಲಿ ಹೊತ್ತೂ ಇಲ್ಲ, ಘಟನೆಯೂ ಇಲ್ಲ. ಕನ್ನಡದ ‘ಬೇಕು’ ಒಂದು ಆಸೆಯನ್ನೋ ಒಂದು ಕಡ್ಡಾಯವನ್ನೋ ಹೇಳುತ್ತದೆ, ಯಾವಾಗ ಎಂದು ಹೇಳುವುದಿಲ್ಲ. ರಾತ್ರಿ ಮಲಗುವಾಗ ಚೀಟಿ ಕಾಣುತ್ತದೆ, ಆಗ ಅಳೆಯುವ ಹೊತ್ತಲ್ಲ. ಬೆಳಿಗ್ಗೆ ಏಳುವಾಗ ಕಾಣುತ್ತದೆ, ಆಗಲೂ ಹೊತ್ತಲ್ಲ. ಹೀಗೆ ‘ಕಂಡರೂ ಏನೂ ಮಾಡಲಿಕ್ಕಿಲ್ಲ’ ಎಂದು ನಾಲ್ಕು ದಿನ ಅಭ್ಯಾಸವಾದ ಮೇಲೆ ಚೀಟಿ ಗೋಡೆಯ ಬಣ್ಣದ ಹಾಗೆ ಆಗಿಬಿಡುತ್ತದೆ. ಕಣ್ಣಿಗೆ ಬೀಳುತ್ತದೆ, ಮನಸ್ಸಿಗೆ ತಟ್ಟುವುದಿಲ್ಲ. 8:30ಕ್ಕೆ ಅವಳು ಇರುವುದು ಅಡುಗೆಮನೆಯಲ್ಲಿ. ಅಲ್ಲಿ ಆ ಚೀಟಿ ಇಲ್ಲ.

‘ಇಂಥದ್ದು ಆದರೆ, ಇಂಥದ್ದು ಮಾಡುತ್ತೇನೆ’

ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಸರ್ ಇದಕ್ಕೆ ಒಂದು ಸರಳ ಉಪಾಯವನ್ನು ಪರೀಕ್ಷಿಸಿದರು. ಕೆಲಸವನ್ನು ‘ಮಾಡಬೇಕು’ ಎಂದು ಬಿಡದೆ, ‘ಇಂಥ ಸಂದರ್ಭ ಬಂದರೆ, ನಾನು ಇಂಥ ಕೆಲಸ ಮಾಡುತ್ತೇನೆ’ ಎಂಬ ರೂಪದಲ್ಲಿ ಮೊದಲೇ ಹೇಳಿಕೊಳ್ಳುವುದು. ನಾವಿದನ್ನು ‘ಆದರೆ–ಆಗ’ ವಾಕ್ಯ ಎನ್ನೋಣ.

1997ರಲ್ಲಿ ಅವರೂ ವೆರೋನಿಕಾ ಬ್ರಾಂಡ್‌ಸ್ಟೆಟರ್ ಅವರೂ ಪ್ರಕಟಿಸಿದ ಒಂದು ಪ್ರಯೋಗ ಹೀಗಿತ್ತು. ಕ್ರಿಸ್‌ಮಸ್ ರಜೆಗೆ ಹೊರಟಿದ್ದ ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಟ್ಟರು. ಕ್ರಿಸ್‌ಮಸ್ ಹಿಂದಿನ ಸಂಜೆಯನ್ನು ಹೇಗೆ ಕಳೆದಿರಿ ಎಂದು ಎರಡು ದಿನದೊಳಗೆ ಬರೆದು ಅಂಚೆಯಲ್ಲಿ ಕಳಿಸಬೇಕು. ಅರ್ಧ ಮಂದಿಗೆ ಇನ್ನೂ ಒಂದು ಮಾತು ಹೇಳಿದರು: ‘ಎಷ್ಟು ಹೊತ್ತಿಗೆ, ಯಾವ ಜಾಗದಲ್ಲಿ ಕೂತು ಬರೆಯುತ್ತೀರಿ ಎಂದು ಈಗಲೇ ನಿಶ್ಚಯಿಸಿ ಬರೆದುಕೊಡಿ.’ ಉಳಿದರ್ಧ ಮಂದಿಗೆ ಇದನ್ನು ಹೇಳಲಿಲ್ಲ. ಕೊನೆಗೆ ನೋಡಿದರೆ, ಹೊತ್ತು–ಜಾಗ ಬರೆದುಕೊಟ್ಟವರಲ್ಲಿ ಸುಮಾರು ನಾಲ್ಕರಲ್ಲಿ ಮೂರು ಪಾಲು ಮಂದಿ ಅವಧಿಯೊಳಗೆ ಕೆಲಸ ಮುಗಿಸಿದ್ದರು. ಉಳಿದವರಲ್ಲಿ ಮುಗಿಸಿದವರು ಸುಮಾರು ಮೂರರಲ್ಲಿ ಒಂದು ಪಾಲು ಮಾತ್ರ.

ಹಬ್ಬದ ಮನೆಯ ಗಡಿಬಿಡಿ ಎರಡು ಗುಂಪಿಗೂ ಒಂದೇ. ವ್ಯತ್ಯಾಸ ಇದ್ದದ್ದು ಎಲ್ಲಿ? ಮೊದಲೇ ನಿಶ್ಚಯಿಸಿದಾಗ ಎರಡು ಸಂಗತಿ ನಡೆಯುತ್ತವೆ. ಒಂದು, ಆ ಸಂದರ್ಭ ಮನಸ್ಸಿನಲ್ಲಿ ಎದ್ದು ಕಾಣುವಂತಾಗುತ್ತದೆ, ಬಂದಾಗ ಬೇಗ ಗುರುತು ಸಿಗುತ್ತದೆ. ಎರಡು, ಸಂದರ್ಭ ಬಂದಾಗ ‘ಈಗ ಮಾಡಲಾ, ಆಮೇಲೆ ಮಾಡಲಾ’ ಎಂದು ಹೊಸದಾಗಿ ತೀರ್ಮಾನಿಸಬೇಕಾಗಿಲ್ಲ. ತೀರ್ಮಾನ ನಿನ್ನೆಯೇ ಆಗಿದೆ. ಸಂದರ್ಭಕ್ಕೂ ಕೆಲಸಕ್ಕೂ ಗಂಟು ಬಿದ್ದಿರುತ್ತದೆ, ಒಂದು ಎಳೆದರೆ ಇನ್ನೊಂದು ಬರುತ್ತದೆ.

ಚೀಟಿಯನ್ನು ತಿದ್ದುತ್ತ ಹೋದದ್ದು

ಆ ಹುಡುಗಿಯೂ ನಾನೂ ಕೂತು ಚೀಟಿಯನ್ನು ಮತ್ತೆ ಬರೆದೆವು. ಒಂದೇ ಸಲಕ್ಕೆ ಸರಿಯಾಗಲಿಲ್ಲ. ತಪ್ಪಿದ ಚೀಟಿಗಳನ್ನೂ ತೋರಿಸುತ್ತೇನೆ, ಯಾಕೆಂದರೆ ನೀವು ಬರೆಯುವಾಗಲೂ ಇವೇ ತಪ್ಪು ಬರುವುದು.

ಅವಳು ಮೊದಲು ಬರೆದದ್ದು: *ಮಳೆ ಬಂದರೆ, ಅಳೆಯುತ್ತೇನೆ.*

ವಾಕ್ಯದ ರೂಪ ಸರಿಯಿದೆ, ‘ಆದರೆ–ಆಗ’ ಇದೆ. ಆದರೆ ಆರಿಸಿದ ಸಂದರ್ಭ ತಪ್ಪು. ಮಳೆ ರಾತ್ರಿ ಎರಡು ಗಂಟೆಗೆ ಬರಬಹುದು, ಶಾಲೆಯಲ್ಲಿರುವಾಗ ಬರಬಹುದು. ಅಳೆಯುವ ಹೊತ್ತಿಗೂ ಮಳೆ ಬರುವ ಹೊತ್ತಿಗೂ ಸಂಬಂಧವಿಲ್ಲ. ಮಳೆಯೇ ಬಾರದ ದಿನ ‘0’ ಎಂದು ಬರೆಯುವುದೂ ತಪ್ಪಿಹೋಗುತ್ತದೆ. ಸೊನ್ನೆಗೂ ಖಾಲಿ ಸಾಲಿಗೂ ಅಜಗಜಾಂತರ. ಸೊನ್ನೆ ಎಂದರೆ ‘ನೋಡಿದೆ, ಮಳೆ ಇರಲಿಲ್ಲ’, ಖಾಲಿ ಎಂದರೆ ‘ನೋಡಲಿಲ್ಲ’. ರಾಯದುರ್ಗ, ಆದೋನಿ ಕಡೆಯ ಗೆಳೆಯರು ಇದನ್ನು ವಿಶೇಷವಾಗಿ ಗಮನಿಸಿ. ನಿಮ್ಮ ಪುಸ್ತಕದಲ್ಲಿ ಸೊನ್ನೆಗಳೇ ಹೆಚ್ಚು ಇರುತ್ತವೆ, ನೆನಪಿಸಲು ಮಳೆಯ ಸದ್ದೂ ಇರುವುದಿಲ್ಲ.

ಎರಡನೆಯದು: *ತಿಂಡಿ ತಿಂದ ಮೇಲೆ ಮಳೆ ಅಳೆಯುತ್ತೇನೆ.*

ಇದು ವಾಸಿ. ತಿಂಡಿ ದಿನಾ ಇದೆ, 8:30ರ ಹತ್ತಿರವೇ ಇದೆ. ಆದರೆ ‘ಮೇಲೆ’ ಎಂಬ ಮಾತು ಸಡಿಲ. ತಿಂಡಿ ತಿಂದ ಮೇಲೆ ಎಂದರೆ ಐದು ನಿಮಿಷದ ಮೇಲೂ ಆಗಬಹುದು, ಸಂಜೆಯೂ ಆಗಬಹುದು, ಎರಡೂ ‘ಮೇಲೆ’ಯೇ. ‘ತಿಂಡಿ ತಿನ್ನುವುದು’ ಎಂಬುದೂ ಹದಿನೈದು ನಿಮಿಷದ ಕೆಲಸ, ಅದರ ಕೊನೆ ಯಾವುದು? ಕೊನೇ ತುತ್ತಾ, ಕೈ ತೊಳೆದದ್ದಾ, ಚಹಾ ಕುಡಿದದ್ದಾ?

ಮೂರನೆಯದು: *ತಿಂಡಿ ತಟ್ಟೆ ತೊಳೆದು ಕವುಚಿ ಇಟ್ಟ ಕೂಡಲೇ, ಹಿಂಬಾಗಿಲ ಮೊಳೆಯಿಂದ ಮಳೆ ಪುಸ್ತಕ ತೆಗೆದುಕೊಂಡು ಡಬ್ಬಿಯ ಹತ್ತಿರ ಹೋಗುತ್ತೇನೆ.*

ಇದು ಕೆಲಸಕ್ಕೆ ಬಂತು. ಯಾಕೆ ಎಂದು ಎರಡು ಭಾಗವಾಗಿ ನೋಡೋಣ.

‘ಆದರೆ’ ಭಾಗದಲ್ಲಿ ಈಗ ಇರುವುದು ಒಂದು ಕ್ಷಣ. ತಟ್ಟೆ ಕವುಚಿ ಇಡುವಾಗ ಟಣ್ ಎಂದು ಸದ್ದಾಗುತ್ತದೆ, ಕೈ ಒದ್ದೆ ಇರುತ್ತದೆ. ಅವಳ ಮನೆಯಲ್ಲಿ ಅದು 8:25ರ ಸುಮಾರಿಗೆ ನಡೆಯುತ್ತದೆ. ತಟ್ಟೆ ತೊಳೆಯುವ ಜಾಗ ಹಿಂಬಾಗಿಲ ಪಕ್ಕದಲ್ಲೇ, ಡಬ್ಬಿ ಹಿಂದಿನ ಅಂಗಳದಲ್ಲಿ. ಅಂದರೆ ಸರಿಯಾದ ಹೊತ್ತಿಗೆ, ಸರಿಯಾದ ಜಾಗದಲ್ಲಿ, ಅವಳೇ ಕೈಯಾರೆ ಮಾಡುವ ಘಟನೆ. ‘ಮೇಲೆ’ ಹೋಗಿ ‘ಕೂಡಲೇ’ ಬಂದಿದೆ. ನಡುವೆ ಬೇರೇನೂ ತೂರಿಕೊಳ್ಳಲು ಸಂದಿಲ್ಲ.

‘ಆಗ’ ಭಾಗದಲ್ಲೂ ಒಂದು ಬದಲಾವಣೆ ಇದೆ. ‘ಅಳೆಯುತ್ತೇನೆ’ ಎಂದಿಲ್ಲ, ‘ಮೊಳೆಯಿಂದ ಪುಸ್ತಕ ತೆಗೆದುಕೊಂಡು ಹೋಗುತ್ತೇನೆ’ ಎಂದಿದೆ. ಅಳೆಯುವುದು ಒಂದು ಕೆಲಸವಲ್ಲ, ಐದು ಕೆಲಸಗಳ ಸಾಲು. ಆ ಸಾಲು ಶುರುವಾಗುವುದು ಕೈ ಎತ್ತಿ ಪುಸ್ತಕ ತೆಗೆಯುವುದರಿಂದ. ಚೀಟಿಯಲ್ಲಿ ಮೊದಲ ಚಲನೆ ಇದ್ದರೆ ಸಾಕು. ಉಳಿದದ್ದನ್ನು, ಅಂದರೆ ‘ಸ್ಕೇಲಿನಲ್ಲಿ ಆಳ ನೋಡು, ಬರೆ, ಡಬ್ಬಿ ಖಾಲಿ ಮಾಡು, ಅದೇ ಜಾಗದಲ್ಲಿಡು’ ಎಂಬುದನ್ನು ಪುಸ್ತಕದ ಒಳರಟ್ಟಿನಲ್ಲಿ ಬರೆದಳು. ಇದಕ್ಕೂ ಕಾರಣ ಇದೆ. ಅಳೆದು ಬರೆದು ಖಾಲಿ ಮಾಡಲು ಮರೆತರೆ ನಾಳೆಯ ಅಳತೆಯೂ ಹಾಳು.

ಹೊಸ ಚೀಟಿಯನ್ನು ಕೋಣೆಯ ಬಾಗಿಲಿಗೆ ಅಂಟಿಸಲಿಲ್ಲ. ತಟ್ಟೆ ಕವುಚುವ ಕಟ್ಟೆಯ ಎದುರು, ಕಣ್ಣಿನ ಎತ್ತರಕ್ಕೆ ಅಂಟಿಸಿದಳು. ನೀರು ತಾಗದಂತೆ ಪಾರದರ್ಶಕ ತೊಟ್ಟೆಯೊಳಗೆ ಹಾಕಿ. ಮೊದಲ ರಾತ್ರಿ ಆ ವಾಕ್ಯವನ್ನು ಮೂರು ಸಲ ಓದಿ, ಕಣ್ಣು ಮುಚ್ಚಿ, ತಟ್ಟೆ ಇಡುವುದನ್ನೂ ಪುಸ್ತಕಕ್ಕೆ ಕೈ ಹಾಕುವುದನ್ನೂ ಮನಸ್ಸಿನಲ್ಲೇ ನಡೆಸಿ ನೋಡಿದಳು. ಚೀಟಿ ಇಲ್ಲಿ ಬರೀ ಸಹಾಯಕ. ನಿಜವಾಗಿ ನೆನಪಿಸಬೇಕಾದದ್ದು ತಟ್ಟೆಯ ಟಣ್ ಸದ್ದು.

ಒಂದು ವಾರದ ಲೆಕ್ಕ

ಚೀಟಿ ಕೆಲಸ ಮಾಡುತ್ತಿದೆಯೇ ಎಂದು ತಿಳಿಯುವುದು ಹೇಗೆ? ‘ಮಾಡಿದೆ, ಮಾಡಲಿಲ್ಲ’ ಎಂದು ಗುರುತು ಹಾಕಿದರೆ ಸಾಲದು. ತಪ್ಪಿದ ದಿನ ತಪ್ಪಿದ್ದು ಎಲ್ಲಿ ಎಂದು ಗೊತ್ತಾಗಬೇಕು. ಅದಕ್ಕೆ ಅವಳು ಮೂರು ಪ್ರಶ್ನೆ ಇಟ್ಟುಕೊಂಡಳು. ಸಂದರ್ಭ ಬಂತಾ? ಬಂದಾಗ ನೆನಪಾಯಿತಾ? ನೆನಪಾದಾಗ ಮಾಡಿದೆನಾ?

ಸೋಮವಾರ, ಮಂಗಳವಾರ ಮೂರಕ್ಕೂ ಹೌದು.

ಬುಧವಾರ ಅಳತೆ ತಪ್ಪಿತು. ತಟ್ಟೆ ಇಟ್ಟಳು, ನೆನಪೂ ಆಯಿತು. ಹೊರಗೆ ಧೋ ಎಂದು ಮಳೆ. ‘ಸ್ವಲ್ಪ ಕಡಿಮೆ ಆಗ್ಲಿ’ ಎಂದು ನಿಂತಳು. ಅಷ್ಟರಲ್ಲಿ ಬಸ್ಸು ಬಂತು. ಇಲ್ಲಿ ಮೊದಲ ಎರಡು ಪ್ರಶ್ನೆಗೆ ಹೌದು, ಮೂರನೆಯದಕ್ಕೆ ಇಲ್ಲ. ಅಂದರೆ ನೆನಪು ತಪ್ಪಲಿಲ್ಲ, ಅಡ್ಡಿ ಬಂತು.

ಗುರುವಾರ, ಶುಕ್ರವಾರ ಸರಿಯಾಯಿತು.

ಶನಿವಾರ ಮನೆಗೆ ಚಿಕ್ಕಮ್ಮ ಬಂದಿದ್ದರು. ಎಲ್ಲರ ತಟ್ಟೆಯನ್ನೂ ಅವರೇ ತೊಳೆದುಬಿಟ್ಟರು. ಟಣ್ ಸದ್ದು ಆಗಲೇ ಇಲ್ಲ, ಮಳೆಯೂ ನೆನಪಾಗಲಿಲ್ಲ. ಮೊದಲ ಪ್ರಶ್ನೆಗೇ ‘ಇಲ್ಲ’.

ಆದಿತ್ಯವಾರ ತಿಂಡಿಯೇ ಒಂಬತ್ತೂವರೆಗೆ. ಸಂದರ್ಭ ಬಂತು, ಆದರೆ ಒಂದು ಗಂಟೆ ತಡವಾಗಿ.

ಏಳು ದಿನದಲ್ಲಿ ಮೂರು ಎಡವಟ್ಟು. ‘ಇದೂ ಆಗ್ಲಿಲ್ಲ ಟೀಚರ್’ ಎಂದು ಮುಖ ಸಣ್ಣ ಮಾಡಿದಳು. ಆದರೆ ಮೂರೂ ಒಂದೇ ರೋಗವಲ್ಲ, ಮದ್ದೂ ಒಂದೇ ಅಲ್ಲ. ಇದನ್ನು ತೋರಿಸಿಕೊಡುವುದೇ ಆ ಮೂರು ಪ್ರಶ್ನೆಗಳ ಉಪಯೋಗ.

ಬುಧವಾರದ ಅಡ್ಡಿಗೆ ಇನ್ನೊಂದು ‘ಆದರೆ–ಆಗ’ ವಾಕ್ಯ ಬೇಕು. ಮೊದಲ ಡಬ್ಬಿಯಂಥದ್ದೇ ಇನ್ನೊಂದು ಡಬ್ಬಿ ಹುಡುಕಿ ಹಿಂಬಾಗಿಲ ಬಳಿ ಇಟ್ಟಳು. ಚೀಟಿಯ ಕೆಳಗೆ ಸೇರಿಸಿದಳು: *ಆಗ ಜೋರು ಮಳೆ ಸುರಿಯುತ್ತಿದ್ದರೆ, ಕೊಡೆ ಹಿಡಿದು ಹೋಗಿ ಖಾಲಿ ಡಬ್ಬಿ ಅಲ್ಲಿಟ್ಟು, ತುಂಬಿದ ಡಬ್ಬಿಯನ್ನು ಒಳಗೆ ತಂದು ಅಳೆಯುತ್ತೇನೆ.* ಹೊರಗೆ ನಿಲ್ಲಬೇಕಾದದ್ದು ಅರ್ಧ ನಿಮಿಷ. ಮಳೆಯ ಲೆಕ್ಕವೂ ತಪ್ಪುವುದಿಲ್ಲ, ಪುಸ್ತಕವೂ ಒದ್ದೆಯಾಗುವುದಿಲ್ಲ. ಗುಡುಗು ಮಿಂಚು ಇದ್ದರೆ ಮಾತ್ರ ಹೊರಗೆ ಕಾಲಿಡಬಾರದು, ನಿಂತ ಮೇಲೆ ಅಳೆದು ನಿಜವಾದ ಹೊತ್ತನ್ನು ಬರೆಯಬೇಕು ಎಂದು ಒಪ್ಪಿಕೊಂಡೆವು.

ಶನಿವಾರ, ಆದಿತ್ಯವಾರಕ್ಕೆ ತಟ್ಟೆಯನ್ನು ನಂಬುವಂತಿಲ್ಲ. ಅವೆರಡು ದಿನ ಅಮ್ಮ ಮನೆಯಲ್ಲೇ ಇರುತ್ತಾರೆ, ಅವರ ಫೋನೂ ಇರುತ್ತದೆ. ಅದರಲ್ಲಿ 8:30ಕ್ಕೆ ರಿಮೈಂಡರ್ ಇಟ್ಟಳು. ಮೊದಲು ಅದಕ್ಕೆ ‘ಮಳೆ’ ಎಂದಷ್ಟೇ ಹೆಸರು ಕೊಟ್ಟಿದ್ದಳು. ಫೋನು ಕೂಗುತ್ತದೆ, ಪರದೆಯಲ್ಲಿ ‘ಮಳೆ’ ಎಂದು ಕಾಣುತ್ತದೆ, ‘ಹ್ಞಾಂ, ಗೊತ್ತುಂಟು’ ಎಂದು ಒತ್ತಿ ನಿಲ್ಲಿಸಿ ಮತ್ತೆ ಆಟಕ್ಕೆ ಹೋಗುವುದು! ಕೂಗುವ ಅಲಾರಂ ಕೂಡ ಮೊಂಡು ಚೀಟಿಯಾಗಬಹುದು. ಹೊತ್ತು ಅದರಲ್ಲಿದೆ, ಕೆಲಸ ಇಲ್ಲ. ಆಮೇಲೆ ಹೀಗೆ ಬದಲಾಯಿಸಿದಳು: *ಇದು ಕೂಗಿದರೆ, ನಿಲ್ಲಿಸುವ ಮೊದಲು ಎದ್ದು ಹಿಂಬಾಗಿಲಿಗೆ ಹೋಗಿ ಪುಸ್ತಕ ಕೈಗೆ ತೆಗೆದುಕೊಳ್ಳುತ್ತೇನೆ.* ‘ನಿಲ್ಲಿಸುವ ಮೊದಲು’ ಎಂಬ ಮಾತಿನಲ್ಲೇ ಗುಟ್ಟು ಇರುವುದು. ಸದ್ದು ನಿಂತರೆ ನೆನಪೂ ನಿಲ್ಲುತ್ತದೆ.

‘ಹಾಗಾದ್ರೆ ಎಲ್ಲಾ ದಿನವೂ ಅಲಾರಂ ಇಡ್ಬಹುದಿತ್ತಲ್ವಾ?’ ಎಂದು ನೀವು ಕೇಳಬಹುದು. ಇಡಬಹುದು, ಫೋನು ಮನೆಯಲ್ಲಿದ್ದರೆ. ವಾರದ ದಿನ ಅಮ್ಮ ಎಂಟು ಗಂಟೆಗೇ ಕೆಲಸಕ್ಕೆ ಹೊರಡುತ್ತಾರೆ, ಫೋನೂ ಅವರೊಟ್ಟಿಗೆ ಹೋಗುತ್ತದೆ. ಯಾರ ಮನೆಯಲ್ಲಿ ಯಾವುದು ತಪ್ಪದೆ ನಡೆಯುತ್ತದೋ ಅದೇ ಅವರ ‘ಆದರೆ’.

ಇನ್ನು ತಪ್ಪಿಹೋದ ದಿನಗಳ ಸಾಲು. ಅಲ್ಲಿ ಅಂದಾಜು ಬರೆಯಬೇಡಿ. ಒಂದು ಗಂಟೆ ತಡವಾದರೆ ಆ ನಿಜವಾದ ಹೊತ್ತನ್ನೇ ಅಳತೆಯ ಪಕ್ಕ ಬರೆಯಿರಿ. ಇಡೀ ದಿನ ತಪ್ಪಿದರೆ ಮರುದಿನದ ಅಂಕಿಯ ಪಕ್ಕ ‘2 ದಿನದ ಒಟ್ಟು’ ಎಂದು ಬರೆಯಿರಿ. ಆ ಹುಡುಗಿಯೂ ತನ್ನ ಹಳೇ 86ರ ಪಕ್ಕ ಹಾಗೆಯೇ ಬರೆದಳು.

ಎಲ್ಲಿ ಸೋಲುತ್ತದೆ

ಈ ಉಪಾಯ ಮಂತ್ರವಲ್ಲ. ಪ್ರಯೋಗಗಳಲ್ಲಿ ಕಂಡ ಲಾಭ ಎಲ್ಲ ಕಡೆಯೂ ಕ್ರಿಸ್‌ಮಸ್ ಪ್ರಯೋಗದಷ್ಟು ದೊಡ್ಡದಲ್ಲ. ಅಮೆರಿಕದಲ್ಲಿ ಕ್ಯಾಥರಿನ್ ಮಿಲ್ಕ್‌ಮನ್ ಮತ್ತು ಜೊತೆಗಾರರು 2011ರಲ್ಲಿ ಪ್ರಕಟಿಸಿದ ಅಧ್ಯಯನ ನಮ್ಮ ವಿಷಯಕ್ಕೆ ತೀರ ಹತ್ತಿರದ್ದು, ಯಾಕೆಂದರೆ ಅದು ಜ್ಞಾಪನ ಪತ್ರದ ಬಗ್ಗೆಯೇ. ಒಂದು ಕಂಪೆನಿಯ ನೌಕರರಿಗೆ ಫ್ಲೂ ಜ್ವರದ ಲಸಿಕೆ ಉಚಿತವಾಗಿ ಸಿಗುವ ದಿನ, ಹೊತ್ತು ತಿಳಿಸುವ ಪತ್ರ ಹೋಯಿತು. ಕೆಲವರ ಪತ್ರದಲ್ಲಿ ಮಾಹಿತಿ ಮಾತ್ರ. ಕೆಲವರ ಪತ್ರದಲ್ಲಿ ‘ನಾನು ಹೋಗುವ ದಿನ’ ಎಂದು ಬರೆದುಕೊಳ್ಳಲು ಜಾಗ. ಇನ್ನು ಕೆಲವರದ್ದರಲ್ಲಿ ದಿನ ಮತ್ತು ಗಂಟೆ ಎರಡಕ್ಕೂ ಜಾಗ. ಬರೀ ಮಾಹಿತಿ ಸಿಕ್ಕವರಲ್ಲಿ ನೂರಕ್ಕೆ ಸುಮಾರು 33 ಮಂದಿ ಲಸಿಕೆ ಹಾಕಿಸಿಕೊಂಡರು. ದಿನ ಮತ್ತು ಗಂಟೆ ಕೇಳಿದ ಪತ್ರ ಸಿಕ್ಕವರಲ್ಲಿ ನೂರಕ್ಕೆ ಸುಮಾರು 37. ದಿನ ಮಾತ್ರ ಕೇಳಿದ ಪತ್ರದಿಂದ ಸ್ಪಷ್ಟವಾದ ವ್ಯತ್ಯಾಸ ಕಾಣಲಿಲ್ಲ. ಇದರಲ್ಲಿ ನಮಗೆ ಎರಡು ಪಾಠ ಇದೆ. ಅರೆಬರೆ ಖಚಿತತೆ ಸಾಲದು, ಗಂಟೆಯೂ ಸೇರಿದಾಗಲೇ ಪರಿಣಾಮ ಕಂಡದ್ದು. ಜೊತೆಗೆ, ಹೋಗುವ ಮನಸ್ಸೇ ಇಲ್ಲದವರನ್ನು ಕಾಗದದ ಒಂದು ಸಾಲು ಎಬ್ಬಿಸಿ ಕಳಿಸಲಾರದು. ಮಾಡಲು ಮನಸ್ಸಿದ್ದೂ ಮರೆಯುವವರಿಗೆ ಮಾತ್ರ ಈ ಚೀಟಿ.

ಇನ್ನೊಂದು ಸೋಲು ಆಸೆಯಿಂದ ಬರುವುದು. ಮಳೆ ಚೀಟಿ ಫಲ ಕೊಟ್ಟದ್ದೇ ತಡ, ಆ ಹುಡುಗಿ ಒಂದೇ ಸಂಜೆ ಒಂಬತ್ತು ಚೀಟಿ ಬರೆದಳು! ತಟ್ಟೆಯ ಟಣ್ ಸದ್ದಿಗೇ ಮಳೆ, ಹೂಗಿಡ, ಇಂಗ್ಲಿಷ್ ಶಬ್ದಾರ್ಥ ಮೂರನ್ನೂ ಕಟ್ಟಿದ್ದಳು. ಒಂದು ಗೂಟಕ್ಕೆ ಮೂರು ದನ ಕಟ್ಟಿದ ಹಾಗೆ. ಮೂರನೇ ದಿನಕ್ಕೆ ಯಾವುದಕ್ಕೆ ಯಾವುದು ಎಂದು ಅವಳಿಗೇ ಗೊಂದಲ. ಒಂದೇ ಸಲಕ್ಕೆ ಹಲವು ಗುರಿಗಳಿಗೆ ಯೋಜನೆ ಬರೆದುಕೊಂಡಾಗ ಲಾಭ ಕರಗಿಹೋಗುವುದನ್ನು ಸಂಶೋಧಕರೂ ಕಂಡಿದ್ದಾರೆ. ಒಂದು ಸಂದರ್ಭಕ್ಕೆ ಒಂದೇ ಕೆಲಸ. ಅದು ಚೀಟಿ ನೋಡದೆಯೇ ನಡೆಯುವ ಹಾಗಾದ ಮೇಲೆ ಮುಂದಿನದು.

ಮೂರನೆಯದು, ‘ಮಾಡುವುದಿಲ್ಲ’ ಎಂಬ ಚೀಟಿ. *ಓದಲು ಕೂತರೆ, ಟಿವಿ ನೋಡುವುದಿಲ್ಲ* ಎಂದು ಬರೆದರೆ ಓದಲು ಕೂತಾಗ ನೆನಪಾಗುವುದು ಏನು? ಟಿವಿಯೇ! ಸಂದರ್ಭಕ್ಕೆ ಗಂಟು ಬಿದ್ದದ್ದು ಅದೇ ತಾನೆ. ಇಂಥ ಚೀಟಿ ಬಿಡಬೇಕಾದ ಅಭ್ಯಾಸವನ್ನೇ ಮತ್ತೆ ಮನಸ್ಸಿಗೆ ತರಬಹುದು. ಬದಲಿಗೆ ಮಾಡುವ ಕೆಲಸವನ್ನೇ ಬರೆಯಿರಿ: *ಓದುವಾಗ ಟಿವಿ ಸದ್ದು ಕೇಳಿಸಿದರೆ, ಪುಸ್ತಕ ಎತ್ತಿಕೊಂಡು ಜಗಲಿಗೆ ಹೋಗಿ ಕೂರುತ್ತೇನೆ.*

ನಿಮ್ಮ ಚೀಟಿ

ನಿಮ್ಮಲ್ಲಿರುವ ಒಂದು ‘ಬೇಕು’ ಚೀಟಿಯನ್ನು ಕೈಗೆ ತೆಗೆದುಕೊಳ್ಳಿ. ಒಂದೇ ಒಂದು. ಅದು ಜತ್ತದ ಶಾಲೆಯಲ್ಲಿ ಹೆಸರುಕಾಳಿನ ಮೊಳಕೆ ಪ್ರಯೋಗಕ್ಕೆ ನೀರು ಹಾಕುವುದಿರಬಹುದು, ತಾಳವಾಡಿಯ ಮನೆಯಲ್ಲಿ ದಿನದ ತಾಪಮಾನ ಬರೆಯುವುದಿರಬಹುದು. ಆ ಕೆಲಸ ಮಾಡಬೇಕಾದ ಹೊತ್ತಿಗೆ, ಮಾಡಬೇಕಾದ ಜಾಗದಲ್ಲಿ, ನೀವು ಮೊದಲೇ ತಪ್ಪದೆ ಮಾಡುತ್ತಿರುವುದು ಏನು ಎಂದು ಹುಡುಕಿ. ಅದರ ಕೊನೇ ಕ್ಷಣವನ್ನು ‘ಕೂಡಲೇ’ ಹಾಕಿ ಬರೆಯಿರಿ. ಆಮೇಲೆ ಹೊಸ ಕೆಲಸದ ಮೊದಲ ಚಲನೆಯನ್ನು ‘ಉತ್ತೇನೆ’ ಹಾಕಿ ಬರೆಯಿರಿ. ಏಳು ದಿನ ಆ ಮೂರು ಪ್ರಶ್ನೆಗಳ ಲೆಕ್ಕ ಇಡಿ. ತಪ್ಪಿದ ದಿನ ನಿಮ್ಮನ್ನು ಬೈದುಕೊಳ್ಳುವ ಮೊದಲು ಚೀಟಿಯನ್ನು ತಿದ್ದಿ ನೋಡಿ.

ಆ ಹುಡುಗಿಯ ಜುಲೈ ಪುಟದಲ್ಲಿ 31 ಸಾಲುಗಳಿದ್ದವು. ಒಂದು ಸಾಲಿನಲ್ಲಿ ‘9:10ಕ್ಕೆ ಅಳೆದದ್ದು, ಗುಡುಗು ಇತ್ತು’ ಎಂದಿತ್ತು. ಎರಡು ಸಾಲಿನಲ್ಲಿ ಸೊನ್ನೆ. ಖಾಲಿ ಸಾಲು ಒಂದೂ ಇರಲಿಲ್ಲ. ತಟ್ಟೆ ಕಟ್ಟೆಯ ಎದುರಿನ ಚೀಟಿ ಯಾವಾಗಲೋ ಬಿದ್ದುಹೋಗಿತ್ತಂತೆ. ‘ಬಿದ್ದದ್ದು ಗೊತ್ತೇ ಆಗ್ಲಿಲ್ಲ ಟೀಚರ್’ ಎಂದಳು.